ಬಲೂನ್ ಒಡೆದು ಮಂಟಪದ ರಿವರ್ಬ್ ಹಿಡಿದೆ, ಹಾಡು ಯಾಕೆ ಕೆಟ್ಟಿತು?

ತಂಬೂರಿ ಹುಡುಗಿ: ನಮ್ಮೂರ ದೇವಸ್ಥಾನದ ಕಲ್ಲಿನ ಮಂಟಪದಲ್ಲಿ ಬಲೂನ್ ಒಡೆದು ಇಂಪಲ್ಸ್ ರೆಸ್ಪಾನ್ಸ್, ಅಂದರೆ ಒಂದು ಚಿಕ್ಕ ಸದ್ದಿಗೆ ಮಂಟಪ ಕೊಡುವ ಮಾರ್ದನಿ, ರೆಕಾರ್ಡ್ ಮಾಡಿದೆ. ಬಲೂನಿಗೂ ಮೈಕಿಗೂ 4 ಮೀಟರ್ ದೂರ, ಎರಡೂ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದವು. ಆ ಫೈಲನ್ನು ಹಾಗೇ ReaVerb ಅನ್ನೋ ಕನ್ವೊಲ್ಯೂಶನ್ ರಿವರ್ಬ್ ಪ್ಲಗಿನ್ನಿಗೆ ಹಾಕಿ ಅಕ್ಕ ಹಾಡಿದ ದೇವರನಾಮಕ್ಕೆ ಕೊಟ್ಟರೆ ದನಿ ಎರಡೆರಡು ಸಲ ಕೇಳುತ್ತದೆ. ಹಿಂದೆ ಉಸ್ ಅನ್ನೋ ಮಬ್ಬು ಬೇರೆ. ಮಂಟಪದಲ್ಲಿ ನಿಂತು ಹಾಡಿದರೆ ಹೀಗೆ ಕೇಳುವುದಿಲ್ಲ. ಎಲ್ಲಿ ತಪ್ಪಿದೆ?

ಹಳೇ ಕ್ಯಾಸೆಟ್: ಒಂದೇ ಬಲೂನ್ ಸಾಲದು ಕಣಮ್ಮಾ. ಐದಾರು ಒಡೆದು ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆ. ಗದ್ದಲ ಕಮ್ಮಿಯಾಗುತ್ತದೆ.

ಮಿಕ್ಸಿಂಗ್ ಮೇಷ್ಟ್ರು: ಅದು ಆಮೇಲೆ ನೋಡೋಣ. ಮೊದಲು ಹೇಳಿ, ಫೈಲ್ ಎಷ್ಟು ಉದ್ದ ಇದೆ? ಬಲೂನ್ ಒಡೆಯುವ ಮೊದಲು ಎಷ್ಟು ಹೊತ್ತು ಖಾಲಿ ಇದೆ?

ತಂಬೂರಿ ಹುಡುಗಿ: ಒಟ್ಟು 9 ಸೆಕೆಂಡ್ ಸರ್. ಶುರುವಿಗೆ 0.4 ಸೆಕೆಂಡ್ ಖಾಲಿ. ಹಾಂ, ಫ್ಯಾನ್ ಓಡ್ತಾ ಇತ್ತು.

ಮಿಕ್ಸಿಂಗ್ ಮೇಷ್ಟ್ರು: ಹಾಗಾದರೆ ಎರಡು ತಪ್ಪೂ ಅಲ್ಲೇ ಸಿಕ್ಕವು. ಕನ್ವೊಲ್ಯೂಶನ್ ಮಾಡುವುದು ಇಷ್ಟೇ: ಹಾಡಿನ ಒಂದೊಂದು ಸ್ಯಾಂಪಲ್ಲಿಗೂ ನಿಮ್ಮ ಇಡೀ ಬಲೂನ್ ಫೈಲನ್ನು ಒಂದು ಸಲ ನುಡಿಸಿ, ಎಲ್ಲವನ್ನೂ ಕೂಡಿಸುತ್ತದೆ. ಫೈಲಿನಲ್ಲಿ ಏನಿದೆಯೋ ಅದು ಹಾಡಿನ ಮೈಗೆಲ್ಲ ಅಂಟುತ್ತದೆ. ಯಾವುದು ಮಂಟಪ, ಯಾವುದು ಫ್ಯಾನ್ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ದನಿ ಎರಡಾಗುವುದಕ್ಕೆ ಆ 0.4 ಸೆಕೆಂಡ್ ಕಾರಣ. ಫೈಲಿನ ಮೊದಲ ದೊಡ್ಡ ಮೊನೆ ಬಲೂನಿನಿಂದ ನೇರವಾಗಿ ಮೈಕಿಗೆ ಬಂದ ಸದ್ದು. ಅದು ಹಾಡನ್ನು ಹಾಗೇ ಇನ್ನೊಂದು ಸಲ ನುಡಿಸುತ್ತದೆ, ಅದೂ 0.4 ಸೆಕೆಂಡ್ ತಡವಾಗಿ. ಆ ಮೊನೆಯವರೆಗಿನ ಖಾಲಿ ಜಾಗವನ್ನು ಕತ್ತರಿಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಅಕ್ಕನ ಮೂಲ ದನಿ ಮಿಕ್ಸಿನಲ್ಲಿ ಹೇಗೂ ಇದೆ, ಅಲ್ವಾ? ಹಾಗಾಗಿ ಆ ನೇರ ಸದ್ದೂ ಬೇಡ. ಇಟ್ಟರೆ ಮೂಲ ದನಿಯ ಮೇಲೆ ಅದರದೇ ಬಣ್ಣಗೆಟ್ಟ ಪ್ರತಿ ಕೂತು, ಕೊಡದೊಳಗಿಂದ ಹಾಡಿದ ಹಾಗೆ ಕೇಳುತ್ತದೆ.

ಎಲ್ಲಿಯವರೆಗೆ ಅಳಿಸಬೇಕು? ನಿಮ್ಮ ಅಳತೆಯಲ್ಲೇ ಉತ್ತರ ಇದೆ. ನೇರ ದಾರಿ 4 ಮೀಟರ್. ನೆಲಕ್ಕೆ ಬಡಿದು ಬರುವ ದಾರಿ ಸರಿಯಾಗಿ 5 ಮೀಟರ್. ಆ ಒಂದು ಮೀಟರ್ ಜಾಸ್ತಿ ದಾರಿಗೆ ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಮೊನೆಯಿಂದ ಎರಡೂವರೆ ಮಿಲಿಸೆಕೆಂಡಿನವರೆಗೆ ಸೊನ್ನೆ ಮಾಡಿ, ಅಲ್ಲಿಂದ ಮುಂದಕ್ಕೆ ಇರಲಿ. ಅಳಿಸಿ ಅಂದೆ, ಕತ್ತರಿಸಿ ಅನ್ನಲಿಲ್ಲ. ಆ ಅಂತರ ಉಳಿದರೇ ಪ್ರತಿಫಲನಗಳು ಸರಿಯಾದ ಹೊತ್ತಿಗೆ ಬರುವುದು.

ಇನ್ನು ಆ ಉಸ್. ಹಾಡು ಪಟ್ ಅಂತ ನಿಲ್ಲುವ ಒಂದು ಜಾಗ ಹುಡುಕಿ, ReaVerbನಲ್ಲಿ Dry, ಅಂದರೆ ಮೂಲ ದನಿಯನ್ನು, ಪೂರ್ತಿ ಇಳಿಸಿ ಕೇಳಿ. ನಿಜವಾದ ರಿವರ್ಬ್ ಮೆಲ್ಲಗೆ ಕರಗುತ್ತದೆ. ಫ್ಯಾನಿನದ್ದು ಕರಗುವುದಿಲ್ಲ. ಒಂದೇ ಮಟ್ಟದಲ್ಲಿ ಎಳೆದು, ಸುಮಾರು 9 ಸೆಕೆಂಡ್ ಆದ ಮೇಲೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಹಾಗಾದರೆ ಅದು ಫೈಲಿನ ಬಾಲದ ಗದ್ದಲ.

ತಂಬೂರಿ ಹುಡುಗಿ: ಅಯ್ಯೋ, ಥೇಟ್ ಹಾಗೇ ನಿಲ್ಲುತ್ತೆ ಸರ್! ಪ್ಲಗಿನ್ ಕೆಟ್ಟಿದೆ ಅಂದುಕೊಂಡಿದ್ದೆ. ಬಾಲ ಎಲ್ಲಿಗೆ ಕತ್ತರಿಸಲಿ?

ಮಿಕ್ಸಿಂಗ್ ಮೇಷ್ಟ್ರು: ವೇವ್‌ಫಾರ್ಮನ್ನು ಡೆಸಿಬೆಲ್ ಅಳತೆಯಲ್ಲಿ ನೋಡಿ. ಇಳಿಜಾರು ಹೆಚ್ಚುಕಮ್ಮಿ ನೇರ ಗೆರೆಯಂತೆ ಕಾಣಬೇಕು. ಅದು ಎಷ್ಟರಿಂದ ಎಷ್ಟಕ್ಕೆ ಇಳಿಯುತ್ತೆ, ಎಲ್ಲಿ ಮಟ್ಟಸವಾಗುತ್ತೆ, ಹೇಳಿ.

ಹೋಮ್ ಥಿಯೇಟರ್ ಭಟ್ರು: ನನ್ನ ರೂಮಿನಲ್ಲಿ ಬೇಸ್ ತುಂಬಾ ಗುಂಯ್‌ಗುಡುತ್ತದೆ. ಬಲೂನ್ ಒಡೆದು ಹೀಗೆ ಹಾಕಿದರೆ ಆ ಗುಂಯ್ ಹೋಗುತ್ತದಾ?

ಮಿಕ್ಸಿಂಗ್ ಮೇಷ್ಟ್ರು: ಇಲ್ಲ ಭಟ್ರೇ, ಅದೇ ಗುಂಯ್ ಇನ್ನೊಂದು ಸಲ ಸೇರಿಕೊಳ್ಳುತ್ತದೆ. ಇದು ರೂಮನ್ನು ಹಾಡಿಗೆ ಹಚ್ಚುವ ಕೆಲಸ, ತೆಗೆಯುವ ಕೆಲಸ ಅಲ್ಲ. ನೀವು REW ಅನ್ನುವ ಅಳತೆಯ ಸಾಫ್ಟ್‌ವೇರ್ ಹಾಕಿಕೊಂಡು ಸ್ಪೀಕರಿನಿಂದಲೇ ಸ್ವೀಪ್, ಅಂದರೆ ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋಗುವ ದನಿ, ನುಡಿಸಿ ಅಳೆಯಿರಿ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.

ತಂಬೂರಿ ಹುಡುಗಿ: ಮೊದಲ ಮೊನೆಗಳು ಮುಗಿದ ಮೇಲೆ -15ರಿಂದ ಶುರುವಾಗಿ 1.1 ಸೆಕೆಂಡಿನಲ್ಲಿ -45ಕ್ಕೆ ಬರುತ್ತೆ. -50ರ ಹತ್ತಿರ ಮಟ್ಟಸ.

ಮಿಕ್ಸಿಂಗ್ ಮೇಷ್ಟ್ರು: ಚೆನ್ನಾಗಿ ನೋಡಿದ್ದೀರಿ. 1.1 ಸೆಕೆಂಡಿಗೆ 30 ಡಿಬಿ ಅಂದರೆ 60 ಡಿಬಿಗೆ 2.2 ಸೆಕೆಂಡ್. 60 ಡಿಬಿ ಇಳಿಯಲು ಹಿಡಿಯುವ ಆ ಹೊತ್ತೇ ನಿಮ್ಮ ಮಂಟಪದ ರಿವರ್ಬ್ ಟೈಮ್. ಆದರೆ ಗದ್ದಲಕ್ಕಿಂತ ಮೇಲೆ ನಿಮಗೆ ಸಿಕ್ಕಿರುವುದು ಬರೀ 35 ಡಿಬಿ, ಅಂದರೆ ಸುಮಾರು 1.3 ಸೆಕೆಂಡಿನಷ್ಟು. 1 ಸೆಕೆಂಡಿನಿಂದ ಫೇಡ್ ಶುರುಮಾಡಿ 1.3ಕ್ಕೆ ಸೊನ್ನೆಗೆ ತನ್ನಿ. ಉಳಿದ 7 ಸೆಕೆಂಡಿನಲ್ಲಿ ಮಂಟಪದ್ದು ಅನ್ನುವಂಥದ್ದು ಏನೂ ಉಳಿದಿಲ್ಲ.

ತಾಳ ಇರುವ ಹಾಡಿಗೆ ಇಷ್ಟು ಸಾಕು. ಉಗಾಭೋಗದಂಥ ನಿಧಾನದ್ದಕ್ಕೆ ಬಾಲ ಮೊಟಕು ಅನ್ನಿಸುತ್ತದೆ. ಆಗ ಫ್ಯಾನ್ ನಿಲ್ಲಿಸಿ, ರಾತ್ರಿ ಹೊತ್ತು ಮತ್ತೆ ಒಡೆಯಬೇಕು.

ಮತ್ತೆ ಒಡೆಯುವಾಗ ಗೇನ್ ಇಳಿಸಿಕೊಂಡು, ಒಂದೆರಡು ಬಲೂನ್ ಪರೀಕ್ಷೆಗೇ ಅಂತ ಒಡೆದು ನೋಡಿ. ಮೊನೆ ಹತ್ತಿರದಿಂದ ನೋಡಿದಾಗ ತಲೆ ಬೋಳಿಸಿದ ಹಾಗೆ ಚಪ್ಪಟೆ ಇದ್ದರೆ ಆ ಟೇಕ್ ಬಿಡಿ. ಮೀಟರ್ -6 ಅಂತ ತೋರಿಸಿದರೂ ನಂಬಬೇಡಿ, ಮೈಕೇ ಉಸಿರುಗಟ್ಟಿರಬಹುದು. ಫೋನಿನಲ್ಲಂತೂ ಮಾಡಬೇಡಿ. ಸದ್ದು ಬಂದ ಕೂಡಲೇ ಅದು ಗೇನ್ ತಗ್ಗಿಸಿ, ಆಮೇಲೆ ಏರಿಸುತ್ತದೆ. ಇಳಿಜಾರಿನ ನಡುವೆ ಗೂನು ಕಂಡರೆ ಅದೇ ಕಾರಣ. ಕಿವಿಗೆ ಹತ್ತಿ ಇರಲಿ. ಸೂಜಿಯನ್ನು ಉದ್ದ ಕೋಲಿಗೆ ಕಟ್ಟಿಕೊಳ್ಳಿ.

ಹಳೇ ಕ್ಯಾಸೆಟ್: ನನ್ನ ಸರಾಸರಿ ಮಾತು ಎಲ್ಲಿ ಹೋಯ್ತು ಮೇಷ್ಟ್ರೇ? ಅಳತೆ ಮಾಡುವವರು ಮಾಡೇ ಮಾಡುತ್ತಾರೆ.

ಮಿಕ್ಸಿಂಗ್ ಮೇಷ್ಟ್ರು: ಮಾಡುತ್ತಾರೆ, ಸ್ವೀಪಿನಲ್ಲಿ. ಅಲ್ಲಿ ಪ್ರತಿ ಸಲವೂ ಅದೇ ಸಿಗ್ನಲ್. ಬಲೂನ್ ಹಾಗಲ್ಲ ಸ್ವಾಮಿ. ಎಷ್ಟು ಊದಿದ್ದೀರಿ, ಸೂಜಿ ಎಲ್ಲಿ ತಾಗಿತು, ರಬ್ಬರ್ ಯಾವ ಕಡೆ ಹರಿಯಿತು, ಎಲ್ಲದಕ್ಕೂ ಸದ್ದು ಬದಲಾಗುತ್ತದೆ. ಕೂಡಿಸಿದರೆ ಮೇಲಿನ ಫ್ರೀಕ್ವೆನ್ಸಿಗಳು ಒಂದನ್ನೊಂದು ತಿಂದುಹಾಕುತ್ತವೆ. ಐದು ಒಡೆದು ಒಳ್ಳೆಯದನ್ನು ಆರಿಸಿಕೊಳ್ಳುವುದಾದರೆ ನಿಮ್ಮ ಮಾತು ಸರಿ.

ಹಳೇ ಕ್ಯಾಸೆಟ್: ಹಾಗಾದರೆ ಬಲೂನೇ ಯಾಕೆ? ಸ್ವೀಪ್ ಮಾಡಲಿ.

ಮಿಕ್ಸಿಂಗ್ ಮೇಷ್ಟ್ರು: ಕರೆಂಟು, ಒಳ್ಳೆ ಸ್ಪೀಕರ್, ಒಪ್ಪಿಗೆ ಮೂರೂ ಸಿಕ್ಕರೆ ಸ್ವೀಪೇ ಮಾಡಲಿ. ಎಲ್ಲ ಕಡೆ ಸಿಗುವುದಿಲ್ಲ. ಇಸ್ತಾಂಬುಲ್‌ನ ಹಗಿಯಾ ಸೋಫಿಯಾದ ರಿವರ್ಬನ್ನು ಸ್ಟ್ಯಾನ್‌ಫರ್ಡ್‌ನವರು 2010ರಲ್ಲಿ ಹಿಡಿದದ್ದು ಬಲೂನ್ ಒಡೆದೇ. ಅಲ್ಲಿ ಸದ್ದು ಕರಗಲು 10 ಸೆಕೆಂಡಿಗೂ ಜಾಸ್ತಿ ಬೇಕು. ಆದರೆ ಅವರು ನಮ್ಮ ಹಾಗೆ ಫೈಲನ್ನು ಹಾಗೇ ಪ್ಲಗಿನ್ನಿಗೆ ತುರುಕಲಿಲ್ಲ. ಬಲೂನಿನ ಸದ್ದಿನಿಂದ ಇಂಪಲ್ಸ್ ರೆಸ್ಪಾನ್ಸನ್ನು ಲೆಕ್ಕ ಹಾಕಿ ತೆಗೆದರು. ಆಮೇಲೆ ಕಪೆಲ್ಲಾ ರೊಮಾನಾ ಅನ್ನುವ ಗಾಯಕವೃಂದ ಆ ರಿವರ್ಬ್ ಕೇಳುತ್ತಲೇ ಹಾಡಿತು.

ತಂಬೂರಿ ಹುಡುಗಿ: ಎರಡೂ ಸರಿ ಮಾಡಿದೆ. ದನಿ ಈಗ ಒಂದೇ, ಉಸ್ ಕೂಡ ಹೋಯ್ತು. ಆದರೆ ರಿವರ್ಬ್ ತೆಳು, ತಂಬೂರಿಯ ಖರಜಕ್ಕೆ ಏನೂ ಸಿಗುತ್ತಿಲ್ಲ. ಮಂಟಪದಲ್ಲಿ ಅದೇ ತುಂಬಿಕೊಳ್ಳುತ್ತದೆ.

ಮಿಕ್ಸಿಂಗ್ ಮೇಷ್ಟ್ರು: ಬಲೂನ್ ಎಷ್ಟು ದೊಡ್ಡದು?

ತಂಬೂರಿ ಹುಡುಗಿ: ಹುಟ್ಟುಹಬ್ಬದ್ದು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು.

ಮಿಕ್ಸಿಂಗ್ ಮೇಷ್ಟ್ರು: ಅದಕ್ಕೇ. ಸಣ್ಣ ಬಲೂನಿನಲ್ಲಿ ಕೆಳಗಿನ ಫ್ರೀಕ್ವೆನ್ಸಿಗೆ ದಮ್ಮಿಲ್ಲ. ದೊಡ್ಡದು ತನ್ನಿ, ಬಿಗಿಯಾಗಿ ಊದಿ. ಅಷ್ಟರವರೆಗೆ ಒಂದು ಇಕ್ಯೂ ಹಾಕಿ 150 ಹರ್ಟ್ಸ್‌ನ ಕೆಳಗೆ ಸ್ವಲ್ಪ ಏರಿಸಿ ನೋಡಿ. ಫ್ಯಾನಿನ ಗುಡುಗೂ ಅಲ್ಲೇ ಇದೆ, ಅದೂ ಜೊತೆಗೆ ಏಳುತ್ತದೆ.

ಹಳೇ ಕ್ಯಾಸೆಟ್: ಇಕ್ಯೂ ಹಾಕಿದ ಮೇಲೆ ಅದು ಮಂಟಪ ಹೇಗಾಗುತ್ತೆ? ನಿಮ್ಮ ಕಿವಿಯ ಮಂಟಪ ಅಷ್ಟೇ.

ಮಿಕ್ಸಿಂಗ್ ಮೇಷ್ಟ್ರು: ಇಕ್ಯೂ ಹಾಕದಿದ್ದರೆ ಅದು ಬಲೂನಿನ ಮಂಟಪ. ನಾನು ಕಿವಿಯದ್ದನ್ನೇ ಒಪ್ಪುತ್ತೇನೆ, ನೀವು ಒಪ್ಪಬೇಡಿ.

ತಂಬೂರಿ ಹುಡುಗಿ: ರಾತ್ರಿ ಪೂಜೆ ಮುಗಿದ ಮೇಲೆ ಮಾಡಿಕೋ ಅಂತ ದೇವಸ್ಥಾನದ ಭಟ್ಟರು ಒಪ್ಪಿದ್ದಾರೆ. ದೊಡ್ಡ ಬಲೂನ್ ತರಿಸಿದ್ದೇನೆ. ಆದರೆ ಆ ಹೊತ್ತಿಗೆ ಜೀರುಂಡೆ ಶುರುವಾಗಿರುತ್ತೆ. ಅದಕ್ಕೇನು ಮಾಡಲಿ?

ಮಿಕ್ಸಿಂಗ್ ಮೇಷ್ಟ್ರು: ಜೀರುಂಡೆ ಇರುವುದು ಮೇಲಿನ ಫ್ರೀಕ್ವೆನ್ಸಿಯಲ್ಲಿ. ಕಲ್ಲಿನ ಮಂಟಪದಲ್ಲೂ ಮೇಲಿನ ಸದ್ದು ಬೇಗ ಸಾಯುತ್ತದೆ. ಬಾಲದಲ್ಲಿ ಮಾತ್ರ ಹೈ ಫ್ರೀಕ್ವೆನ್ಸಿಯನ್ನು ಬೇಗ ಫೇಡ್ ಮಾಡಿ. ಫೈಲ್ ಇಲ್ಲಿ ಹಾಕಿ, ಎಲ್ಲಿಂದ ಅಂತ ನೋಡಿ ಹೇಳುತ್ತೇನೆ.