ಕವರ್ ಲೆಟರ್‌ನ ಮೊದಲ ಸಾಲು ನೀವು ಹೇಗೆ ಬರೆಯುತ್ತೀರಿ?

ಕೇಳಿದವರು: ಬಿ.ಕಾಂ. ಆಗಿದೆ. ದಾವಣಗೆರೆಯಲ್ಲಿ ಒಬ್ಬ ಆಡಿಟರ್ ಹತ್ತಿರ 3 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪೀಣ್ಯದ ಒಂದು ಫ್ಯಾಕ್ಟರಿಗೆ ಅಕೌಂಟ್ಸ್ ಎಕ್ಸಿಕ್ಯುಟಿವ್ ಕೆಲಸಕ್ಕೆ ಅರ್ಜಿ ಹಾಕಬೇಕು. ‘ಐ ಆಮ್ ರೈಟಿಂಗ್ ಟು ಅಪ್ಲೈ ಫಾರ್’ ಬಿಟ್ಟು ಮೊದಲ ಸಾಲಿಗೆ ಬೇರೇನೂ ಹೊಳೆಯುತ್ತಿಲ್ಲ. ನೀವೆಲ್ಲ ಹೇಗೆ ಶುರು ಮಾಡುತ್ತೀರಿ?

ಸೇಲ್ಸ್‌ನಲ್ಲಿರುವವರು: ಕಂಪನಿ ಬಗ್ಗೆ ಒಂದು ಒಳ್ಳೆ ಮಾತಿನಿಂದ ಶುರು ಮಾಡಿ. ಅವರ ವೆಬ್‌ಸೈಟ್ ನೋಡಿದರೆ ಏನಾದರೂ ಸಿಗುತ್ತದೆ. ನಾನು ಯಾವಾಗಲೂ ಹಾಗೇ ಮಾಡುವುದು.

ಫ್ಯಾಕ್ಟರಿಯೊಂದರ ಅಕೌಂಟ್ಸ್ ಮ್ಯಾನೇಜರ್: ವೆಬ್‌ಸೈಟ್ ನೋಡಿ ಅನ್ನುವುದು ಸರಿ. ಆದರೆ ‘ನಿಮ್ಮದು ಹೆಸರಾಂತ ಸಂಸ್ಥೆ’ ಅಂತ ಬರೆದರೆ ನಮಗೆ ಗೊತ್ತಿಲ್ಲದ್ದು ಏನು ಹೇಳಿದಂತಾಯಿತು? ಆ ಸಾಲು ಪಕ್ಕದ ಫ್ಯಾಕ್ಟರಿಗೂ ಹೊಂದುತ್ತದೆ. ಇನ್ನು ಯಾವ ಹುದ್ದೆಗೆ ಅಂತ ಮೇಲ್‌ನ ಸಬ್ಜೆಕ್ಟ್‌ನಲ್ಲೇ ಇರುತ್ತದೆ. ಮೊದಲ ಸಾಲಿನಲ್ಲಿ ಅದನ್ನೇ ಮತ್ತೆ ಹೇಳಿದರೆ ಮೊಬೈಲ್‌ನಲ್ಲಿ ಮೇಲ್ ತೆರೆಯುವ ಮೊದಲು ಕಾಣುವ ಅಷ್ಟು ಜಾಗವೂ ಸುಮ್ನೆ ಹೋಯಿತು.

ಜಾಹೀರಾತನ್ನು ಇನ್ನೊಮ್ಮೆ ಓದಿ. ‘ಟ್ಯಾಲಿ ಗೊತ್ತಿರಬೇಕು’ ಅಂತ ಎಲ್ಲರೂ ಹಾಕುತ್ತಾರೆ, ಅದನ್ನು ಬಿಡಿ. ಅವರಿಗೆ ನಿಜವಾಗಿ ತಲೆನೋವಾಗಿರುವ ಕೆಲಸ ಯಾವುದು ಅಂತ ಒಂದು ಸಾಲಿನಲ್ಲಿ ಗೊತ್ತಾಗುತ್ತದೆ. ಆ ಸಾಲು ಇಲ್ಲಿ ಹಾಕುತ್ತೀರಾ?

ಕೇಳಿದವರು: ‘ಜಿಎಸ್‌ಟಿ 2ಬಿ ತಾಳೆ ನೋಡುವುದು, ಸಪ್ಲೈಯರ್‌ಗಳ ಫಾಲೋ-ಅಪ್’ ಅಂತ ಇದೆ. ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಬಗ್ಗೆ ಜಿಎಸ್‌ಟಿ ಪೋರ್ಟಲ್ ಕೊಡುವ ಪಟ್ಟಿಯೇ ಈ 2ಬಿ. ಅದನ್ನು ತಾಳೆ ನೋಡುವ ಕೆಲಸ ಪ್ರತಿ ತಿಂಗಳೂ ಮಾಡುತ್ತೇನೆ. ನಮ್ಮ ದೊಡ್ಡ ಕಕ್ಷಿದಾರರೊಬ್ಬರದೇ ತಿಂಗಳಿಗೆ ಸುಮಾರು 200 ಖರೀದಿ ಬಿಲ್ ಬರುತ್ತವೆ. ‘ಜಿಎಸ್‌ಟಿಯಲ್ಲಿ 3 ವರ್ಷದ ಅನುಭವವಿದೆ’ ಅಂತ ಶುರು ಮಾಡಲಾ?

ಅಕೌಂಟ್ಸ್ ಮ್ಯಾನೇಜರ್: ಆ ಸಾಲು ರೆಸ್ಯೂಮೆಯಲ್ಲಿ ಹೇಗೂ ಇರುತ್ತದಲ್ವಾ? ಅನುಭವ ಇದೆ ಅನ್ನುವ ಬದಲು ಆ ಕೆಲಸವನ್ನೇ ಬರೆಯಿರಿ. ಹೀಗೆ:

‘ಪ್ರತಿ ತಿಂಗಳು 14ರಂದು 2ಬಿ ಬಂದ ಮೇಲೆ ಸುಮಾರು 200 ಖರೀದಿ ಬಿಲ್‌ಗಳನ್ನು ಅದರೊಂದಿಗೆ ತಾಳೆ ನೋಡಿ, ಅದರಲ್ಲಿ ಕಾಣದ ಬಿಲ್‌ಗಳ ಬಗ್ಗೆ ಸಪ್ಲೈಯರ್‌ಗಳನ್ನು ವಿಚಾರಿಸಿ, 20ರೊಳಗೆ 3ಬಿ ರಿಟರ್ನ್ ಸಲ್ಲಿಸಲು ಲೆಕ್ಕ ಸಿದ್ಧ ಮಾಡಿಕೊಡುತ್ತೇನೆ.’

ಇದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ವಾಕ್ಯ ಮಾಡಿಕೊಳ್ಳಿ, ಒಂದರಲ್ಲೇ ತುರುಕಬೇಡಿ. ಕಕ್ಷಿದಾರರ ಹೆಸರು ಮಾತ್ರ ಎಲ್ಲೂ ಬೇಡ. ನಾಳೆ ನಮ್ಮ ಲೆಕ್ಕವನ್ನೂ ಹೀಗೇ ಹೊರಗೆ ಹೇಳುತ್ತಾರೇನೋ ಅನ್ನಿಸುತ್ತದೆ.

ಇನ್ನೊಂದು ವಿಷಯ. ಇಂಟರ್ವ್ಯೂನಲ್ಲಿ ಮೊದಲ ಪ್ರಶ್ನೆ ಹೆಚ್ಚಾಗಿ ಈ ಸಾಲಿನ ಮೇಲೇ ಬರುತ್ತದೆ. ನಾನಾದರೆ ‘ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ಸಪ್ಲೈಯರ್ ಬಿಲ್ ಈ ತಿಂಗಳ 2ಬಿಯಲ್ಲಿ ಇಲ್ಲದಿದ್ದರೆ ಏನು ಮಾಡುತ್ತೀರಿ?’ ಅಂತ ಕೇಳುತ್ತೇನೆ. ಅಂಥವರು ಮಧ್ಯದ ತಿಂಗಳುಗಳಲ್ಲಿ ಬಿಲ್ ತೋರಿಸಲು ಇರುವ ಐಎಫ್‌ಎಫ್ ಸೌಲಭ್ಯದಲ್ಲಿ ಅದನ್ನು ಏರಿಸಿದ್ದಾರಾ ಅಂತ ವಿಚಾರಿಸುತ್ತೇನೆ, ಇಲ್ಲವಾದರೆ ಆ ಬಿಲ್‌ನ ತೆರಿಗೆ ಕ್ರೆಡಿಟ್ ಈ ತಿಂಗಳು ತೆಗೆದುಕೊಳ್ಳದೆ ಪಟ್ಟಿಯಲ್ಲಿ ಬಾಕಿ ಇಡುತ್ತೇನೆ ಅಂದರೆ ನನಗೆ ಸಾಕು. ಅಷ್ಟು ಹೇಳಲು ಆಗದಿದ್ದರೆ ಆ ಸಾಲು ಬರೆಯಬೇಡಿ, ನಿಮಗೆ ಚೆನ್ನಾಗಿ ಗೊತ್ತಿರುವ ಬೇರೆ ಕೆಲಸ ಹಿಡಿಯಿರಿ.

ಶಿವಮೊಗ್ಗದಿಂದ ಒಬ್ಬರು: ನಾನು ಎಫ್‌ಡಿಎಗೆ ಓದುತ್ತಿದ್ದೇನೆ. ಕೆಪಿಎಸ್‌ಸಿ ಅರ್ಜಿಗೂ ಹೀಗೇ ಬರೆಯಬಹುದಾ?

ನಿವೃತ್ತ ಗುಮಾಸ್ತರು: ಅದು ಆನ್‌ಲೈನ್‌ನಲ್ಲಿ ತುಂಬುವ ಫಾರಂ ಅಲ್ವೇನಪ್ಪಾ, ಅಲ್ಲಿ ಮೊದಲ ಸಾಲು ಎಲ್ಲಿಂದ ಬಂತು? ಕಚೇರಿಗೆ ಮನವಿ ಕೊಡುವಾಗ ಮಾತ್ರ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತಲೇ ಶುರು ಮಾಡು. ಯಾವ ಟೇಬಲ್ಲಿಗೆ ಹೋಗಬೇಕು ಅಂತ ಅಲ್ಲಿ ವಿಷಯ ನೋಡಿಯೇ ಕಳಿಸುತ್ತಾರೆ. ಹೊಸತನ ತೋರಿಸುವ ಜಾಗ ಅದಲ್ಲ.

ಈಗಷ್ಟೇ ಪಾಸಾದವರು: ನನಗೆ ಕೆಲಸದ ಅನುಭವವೇ ಇಲ್ಲ. ‘ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ’ ಅಂತ ಬರೆಯುತ್ತಿದ್ದೆ.

ಅಕೌಂಟ್ಸ್ ಮ್ಯಾನೇಜರ್: ಅದನ್ನು ಎಲ್ಲರೂ ಬರೆಯುತ್ತಾರಮ್ಮಾ. ಮನೆಯಲ್ಲೋ, ಪರಿಚಯದ ಅಂಗಡಿಯಲ್ಲೋ ಲೆಕ್ಕ ಬರೆದಿದ್ದೀಯಾ?

ಈಗಷ್ಟೇ ಪಾಸಾದವರು: ಮಾವನ ಹಾರ್ಡ್‌ವೇರ್ ಅಂಗಡಿಯ ಉದ್ರಿ ಪುಸ್ತಕವನ್ನು ಟ್ಯಾಲಿಗೆ ಹಾಕಿಕೊಟ್ಟಿದ್ದೇನೆ. ಯಾರು ಎಷ್ಟು ದಿನದಿಂದ ಬಾಕಿ ಅಂತ ಈಗ ಅವರಿಗೆ ಒಂದೇ ಕಡೆ ಕಾಣುತ್ತದೆ. ಸಂಬಳ ಇರಲಿಲ್ಲ, ಅದಕ್ಕೇ ಎಲ್ಲೂ ಹಾಕಿಲ್ಲ.

ಅಕೌಂಟ್ಸ್ ಮ್ಯಾನೇಜರ್: ಈಗ ಹೇಳಿದೆಯಲ್ಲ, ಅದೇ ಮೊದಲ ಸಾಲು. ಮಾವನ ಅಂಗಡಿ ಅಂತಲೂ ಹೇಳು, ಮುಚ್ಚಿಡುವುದೇನೂ ಇಲ್ಲ.

ಎಚ್‌ಆರ್‌ನಲ್ಲಿರುವವರು: ಒಂದು ವಿಷಯಕ್ಕೆ ನನ್ನ ತಕರಾರಿದೆ. ಹುದ್ದೆಯ ಹೆಸರು ಸಬ್ಜೆಕ್ಟ್‌ನಲ್ಲಿದ್ದರೆ ಸಾಕಾಗುವುದಿಲ್ಲ. ನಾವು ಲೆಟರ್ ಮಾತ್ರ ಪ್ರಿಂಟ್ ತೆಗೆದು ಮ್ಯಾನೇಜರ್‌ಗೆ ಕೊಡುತ್ತೇವೆ. ಸ್ಟೋರ್ಸ್‌ಗೋ ಅಕೌಂಟ್ಸ್‌ಗೋ ಅಂತ ಹುಡುಕುತ್ತಾ ಕೂರಬೇಕು. ಮೊದಲ ಸಾಲಿನಲ್ಲೇ ಇರಲಿ.

ಅಕೌಂಟ್ಸ್ ಮ್ಯಾನೇಜರ್: ಎರಡನೇ ಸಾಲಿನಲ್ಲಿ ಇರಲಿ ಅಂತೀನಿ ನಾನು. ‘ನಿಮ್ಮ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಯಲ್ಲೂ ಇದೇ ಕೆಲಸವಿದೆ’ ಅಂದರೆ ಆಯಿತಲ್ಲ.

ಎಚ್‌ಆರ್‌ನಲ್ಲಿರುವವರು: ನೀವು ಎರಡನೇ ಸಾಲಿನವರೆಗೆ ಓದುತ್ತೀರಿ ಸರ್. ನಮ್ಮಲ್ಲಿ ವಿಂಗಡಿಸುವವರು ಓದುವುದಿಲ್ಲ.

ಕೇಳಿದವರು: ಹಾಗಾದರೆ ಲೆಟರ್ ಮೇಲೆ ‘ವಿಷಯ’ ಅಂತ ಒಂದು ಸಾಲು ಹಾಕಿ ಹುದ್ದೆ ಬರೆಯುತ್ತೇನೆ. ಕೆಳಗೆ 2ಬಿ ಸಾಲಿನಿಂದ ಶುರು ಮಾಡುತ್ತೇನೆ. ಇವತ್ತು ರಾತ್ರಿ ಕಳಿಸುತ್ತೇನೆ.