ಅಪ್‌ಡೇಟ್: ಫೀಸ್ ಬಿಲ್‌ನಲ್ಲಿ 532 ರೂಪಾಯಿ ಜಾಸ್ತಿ ಬಂದಿದ್ದು ಎಲ್ಲಿಂದ?

ನಾನು ಕೇಳಿದ್ದು: "ಇಬ್ಬರು ಮಕ್ಕಳ ಟರ್ಮ್ ಫೀಸ್ ನನ್ನ ಲೆಕ್ಕಕ್ಕೆ 43,748 ರೂಪಾಯಿ. ಸ್ಕೂಲಿನ ಬಿಲ್ 44,280. ವ್ಯತ್ಯಾಸ ಎಲ್ಲಿದೆ?"

ಸ್ಕೂಲ್ ಆಫೀಸಿಗೆ ಹೋಗಿ ಬಂದೆ. ದೊಡ್ಡವಳ ಫೀಸ್ 24,000, ಚಿಕ್ಕವನದು 20,000. ಸಿಬ್ಲಿಂಗ್ ಡಿಸ್ಕೌಂಟ್ ಚಿಕ್ಕವನ ಟ್ಯೂಷನ್ ಫೀಸ್ 16,000ಕ್ಕೆ ಮಾತ್ರ, ಶೇ. 10. ಅಂದರೆ 1,600 ಕಡಿಮೆ. ಉಳಿದದ್ದು 42,400. ಇಲ್ಲಿಯವರೆಗೆ ನನ್ನ ಲೆಕ್ಕವೂ ಸ್ಕೂಲಿನ ಲೆಕ್ಕವೂ ಒಂದೇ.

ಕಂತಿನಲ್ಲಿ ಕಟ್ಟಿದರೆ ಶೇ. 2 ಜಾಸ್ತಿ. ನಾನು ಇದನ್ನು 42,400ಕ್ಕೆ ಹಾಕಿದ್ದೆ, 848 ಬಂತು. ಅವರ ಸಾಫ್ಟ್‌ವೇರ್ ಡಿಸ್ಕೌಂಟ್ ಕಳೆಯುವ ಮೊದಲೇ ಪೂರ್ತಿ 44,000ಕ್ಕೆ ಹಾಕಿ 880 ತೋರಿಸಿತ್ತು. ಸರ್ಕ್ಯುಲರ್‌ನಲ್ಲಿ "ರಿಯಾಯಿತಿ ಕಳೆದು ಉಳಿದ ಮೊತ್ತಕ್ಕೆ" ಅಂತ ಇತ್ತು. ತೋರಿಸಿದ ಮೇಲೆ ಆ 32 ರೂಪಾಯಿ ತೆಗೆದರು.

ಉಳಿದ 500 ಲೇಟ್ ಫೀಯದು. ನಾನು 500 ಹಾಕಿದ್ದೆ, ಬಿಲ್‌ನಲ್ಲಿ 1,000 ಇತ್ತು. ದಿನಕ್ಕೆ 50 ರೂಪಾಯಿ, ಆದರೆ ಮನೆಗೆ ಒಂದಲ್ಲ, ಒಂದೊಂದು ಅಡ್ಮಿಷನ್ ನಂಬರಿಗೂ ಬೇರೆ. ಸರ್ಕ್ಯುಲರ್‌ನಲ್ಲೂ ಹಾಗೇ ಇದೆ, ಸುಮ್ನೆ ವಾದ ಮಾಡಿ ಪ್ರಯೋಜನ ಇರಲಿಲ್ಲ. ದಿನಗಳ ಲೆಕ್ಕ ಮಾತ್ರ ಬದಲಾಯಿತು. ಕೊನೆಯ ದಿನ 10, ನಾನು ಆನ್‌ಲೈನ್‌ನಲ್ಲಿ ಕಟ್ಟಿದ್ದು 18ಕ್ಕೆ. ದುಡ್ಡು ಅವರ ಖಾತೆಗೆ ಬಿದ್ದಿದ್ದು 20ಕ್ಕೆ, ಹಾಗಾಗಿ ಬಿಲ್‌ನಲ್ಲಿ 10 ದಿನ ಹಿಡಿದಿದ್ದರು. ಬ್ಯಾಂಕಿನ ರಸೀದಿಯಲ್ಲಿದ್ದ ತಾರೀಖು ನೋಡಿ ಅಕೌಂಟ್ಸ್ ಮೇಡಂ 8 ದಿನಕ್ಕೆ ಇಳಿಸಿದರು. ಇಬ್ಬರಿಗೂ ಸೇರಿ 800.

ಕೊನೆಗೆ 42,400ಕ್ಕೆ 848 ಸೇರಿ 43,248, ಅದಕ್ಕೆ 800 ಸೇರಿಸಿ 44,048. ಜಾಸ್ತಿ ಹೋಗಿದ್ದ 232 ವಾಪಸ್ ಕೊಡಲ್ವಂತೆ, ಮುಂದಿನ ಟರ್ಮ್‌ಗೆ ಹೊಂದಿಸುತ್ತಾರಂತೆ. ಬಿಲ್ ಮೇಲೆ ಬರೆಸಿ ಸೀಲ್ ಹಾಕಿಸಿಕೊಂಡಿದ್ದೇನೆ.