ಬಾಸ್ ಮೂಡ್ ನೋಡಿಕೊಂಡು ಇಡೀ ಟೀಮ್ ದಿನ ದೂಡುತ್ತಿದೆ, ಏನು ಮಾಡಬಹುದು?

ಪ್ರಶ್ನೆ (ಹೆಸರು ಹಾಕಿಲ್ಲ): ನಮ್ಮದು ಏಳು ಜನರ ಟೀಮ್. ಬೆಳಿಗ್ಗೆ ಬಾಸ್ ಒಳಗೆ ಬರುವ ರೀತಿ ನೋಡಿದರೆ ಸಾಕು, ಆ ದಿನ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಮೊದಲು ನೋಡಿದವರು ನಮ್ಮ ಗ್ರೂಪಿನಲ್ಲಿ "ಇವತ್ತು ಹುಷಾರು" ಅಂತ ಹಾಕುತ್ತಾರೆ. ಒಂದು ದಿನ ಹೊಗಳಿದ ಕೆಲಸಕ್ಕೇ ಮರುದಿನ ಎಲ್ಲರ ಮುಂದೆ ಬೈಯುತ್ತಾರೆ. ನನ್ನ ಒಂದು ಕೆಲಸ ತಡವಾಗಿದೆ. ಅದನ್ನು ಹೇಳಲು ಒಳ್ಳೆಯ ಮೂಡ್‌ಗೆ ಕಾಯುತ್ತಿದ್ದೇನೆ, ಸಿಗುತ್ತಲೇ ಇಲ್ಲ. ರಜೆ ಮುಗಿಯುವ ಸಂಜೆ ಬಂದರೆ ಹೊಟ್ಟೆ ಕಿವುಚಿದ ಹಾಗೆ ಆಗುತ್ತದೆ. ನಾನೇ ಜಾಸ್ತಿ ಸೂಕ್ಷ್ಮವಾ?

ರಾಘು: ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮೂಡ್ ಸರಿ ಇಲ್ಲದ ದಿನ ಅವರ ಕಣ್ಣಿಗೇ ಬೀಳಬೇಡಿ. ಊಟ ಆದ ಮೇಲೆ, ನಗುತ್ತಾ ಇರುವಾಗ ವಿಷಯ ಎತ್ತಿ. ನಾನು ಇಷ್ಟು ವರ್ಷ ಹೀಗೇ ನಡೆಸಿಕೊಂಡು ಬಂದಿದ್ದೇನೆ.

ವೀಣಾ (ಉದ್ಯೋಗ ಕ್ಷೇತ್ರದ ಮನಶ್ಶಾಸ್ತ್ರಜ್ಞೆ): ನೀವು ಜಾಸ್ತಿ ಸೂಕ್ಷ್ಮ ಅಲ್ಲ. ಏನಾಗುತ್ತದೋ ಗೊತ್ತಿಲ್ಲದಿರುವುದೇ ದೇಹಕ್ಕೆ ದೊಡ್ಡ ಹೊರೆ. 2016ರಲ್ಲಿ ಲಂಡನ್ನಿನ ಸಂಶೋಧಕರು ಒಂದು ಪ್ರಯೋಗ ಮಾಡಿದರು. 45 ಜನರಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಕೊಟ್ಟರು. ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು, ಹಾವು ಇದ್ದರೆ ಕೈಗೆ ಸಣ್ಣ ಶಾಕ್ ಹೊಡೆಯುತ್ತದೆ. ಶಾಕ್ ಖಂಡಿತ ಬರುತ್ತದೆ ಅಂತ ಗೊತ್ತಿದ್ದಾಗ ಆದ ಒತ್ತಡಕ್ಕಿಂತ, ಬಂದರೂ ಬರಬಹುದು ಬರದೆಯೂ ಇರಬಹುದು ಅನ್ನುವಾಗ ಆದ ಒತ್ತಡ ಹೆಚ್ಚಾಗಿತ್ತು. ಬೆವರು, ಕಣ್ಣಿನ ಪಾಪೆ ಎರಡೂ ಅದನ್ನೇ ತೋರಿಸಿದವು. ನೀವು ದಿನಾ ಇಂಥ ಸ್ಥಿತಿಯಲ್ಲೇ ಎಂಟು ಗಂಟೆ ಕೂತಿರುತ್ತೀರಿ. ಸಂಜೆ ಆಗುವ ಸುಸ್ತಿಗೆ ಕೆಲಸ ಮಾತ್ರ ಕಾರಣ ಅಲ್ಲ, ಕಾವಲು ಕಾಯುವುದೂ ಕಾರಣ.

ರಾಘು ಅವರ ಮಾತು ಅರ್ಧ ಸರಿ. ರಜೆ ಕೇಳುವುದು, ಹೊಸ ಐಡಿಯಾ ಹೇಳುವುದು ಇಂಥದ್ದಕ್ಕೆ ಹೊತ್ತು ನೋಡುವುದು ಒಳ್ಳೆಯದೇ. ಆದರೆ ಕೆಟ್ಟ ಸುದ್ದಿ ಕಾದಷ್ಟೂ ದೊಡ್ಡದಾಗುತ್ತದೆ. ನೀವು ಒಳ್ಳೆಯ ಮೂಡ್‌ಗೆ ಕಾಯುತ್ತೀರಿ, ಅಷ್ಟರಲ್ಲಿ ಬಾಸ್‌ಗೆ ಬೇರೆ ಯಾರಿಂದಲೋ ಗೊತ್ತಾಗುತ್ತದೆ. ಅವರು ಸಿಡಿಯುತ್ತಾರೆ. "ನೋಡಿದ್ಯಾ, ಹೇಳಿದ್ದರೆ ಹೀಗೇ ಆಗುತ್ತಿತ್ತು" ಅಂತ ಟೀಮ್ ಇನ್ನಷ್ಟು ಮುಚ್ಚಿಡುತ್ತದೆ. ಅವರಿಗೆ ಮುಂದಿನ ಸಲ ಇನ್ನೂ ತಡವಾಗಿ ಗೊತ್ತಾಗುತ್ತದೆ. ಅವರು ಕಿರುಚುವುದಕ್ಕೆ ನೀವು ಹೊಣೆ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಆದರೆ ಈ ಸುತ್ತಿನಲ್ಲಿ ನಿಮ್ಮ ಕೈಯಲ್ಲಿ ಇರುವುದು ಒಂದೇ, ಸುದ್ದಿ ಯಾವಾಗ, ಯಾವ ರೂಪದಲ್ಲಿ ಅವರಿಗೆ ತಲುಪುತ್ತದೆ ಅನ್ನುವುದು.

ನಾನು ನೋಡಿದ ಒಂದು ಟೀಮಿನ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. ಅವರೂ ನಿಮ್ಮ ಹಾಗೆಯೇ ಬಾಸಿನ ಮುಖ ಓದುತ್ತಿದ್ದರು. ಅವರಲ್ಲಿ ಒಬ್ಬರಿಗೆ ಮೂರು ವಾರ ಒಂದು ಪುಸ್ತಕ ಇಡಲು ಹೇಳಿದೆ. "ಇವತ್ತು ಮೂಡ್ ಕೆಟ್ಟಿತ್ತು" ಅಂತ ಬರೆಯಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ ಅಂದೆ. ಬಾಸ್ ಸಿಡಿದಾಗ ಗಂಟೆ ಎಷ್ಟು, ಅದಕ್ಕೆ ಸ್ವಲ್ಪ ಮೊದಲು ಅವರು ಎಲ್ಲಿದ್ದರು, ಯಾವ ವಿಷಯ, ಅದು ಅವರಿಗೆ ಮೊದಲು ಯಾರಿಂದ ಗೊತ್ತಾಯಿತು, ಇಷ್ಟೇ ಬರೆಯಬೇಕು. ಶಾಂತವಾಗಿದ್ದ ದಿನಗಳನ್ನೂ ಬರೆಯಬೇಕು. ಇಲ್ಲದಿದ್ದರೆ ಬೈದ ದಿನಗಳೇ ನೆನಪಿನಲ್ಲಿ ಉಳಿದು ಲೆಕ್ಕ ತಪ್ಪುತ್ತದೆ.

ಮೂರು ವಾರ ಆದ ಮೇಲೆ ಎರಡು ಸಂಗತಿ ಕಂಡವು. ಬಾಸ್ ತಮ್ಮ ಮೇಲಿನವರಿಗೆ ವರದಿ ಒಪ್ಪಿಸುವ ದಿನ ಬೆಳಿಗ್ಗೆ ಸಿಡಿಯುವುದು ಜಾಸ್ತಿ. ಮತ್ತೆ, ಕೆಲಸ ತಡವಾಗಿದ್ದಕ್ಕಿಂತ, ತಡವಾಗಿದೆ ಅಂತ ಮೀಟಿಂಗ್‌ನಲ್ಲಿ ಕೂತಾಗ ಬೇರೆಯವರ ಬಾಯಿಂದ ಕೇಳಿದ್ದಕ್ಕೆ ಅವರು ಜಾಸ್ತಿ ರೇಗುತ್ತಿದ್ದರು. ಯಾವ ಕಾರಣವೂ ಕಾಣದ ದಿನಗಳೂ ಇದ್ದವು. ಅವನ್ನು ಹಾಗೇ ಬಿಟ್ಟೆವು.

ಆಮೇಲೆ ಅವರು ಬದಲಾಯಿಸಿದ್ದು ಸಣ್ಣದು. ವರದಿಯ ಹಿಂದಿನ ದಿನ ಸಂಜೆ ನಾಲ್ಕರೊಳಗೆ, ತೊಂದರೆ ಇರುವ ಕೆಲಸಗಳ ಬಗ್ಗೆ ನಾಲ್ಕೈದು ಸಾಲು ಮೇಲ್ ಕಳಿಸುತ್ತಿದ್ದರು. ಯಾವ ಕೆಲಸ, ಎಷ್ಟು ತಡ, ಅದರಿಂದ ಏನು ನಿಲ್ಲುತ್ತದೆ, ನಮ್ಮ ಹತ್ತಿರ ಇರುವ ಎರಡು ದಾರಿ ಏನು, ನಿಮ್ಮಿಂದ ಯಾವಾಗ ಉತ್ತರ ಬೇಕು, ಇಷ್ಟು. ಮೇಲ್‌ನಿಂದ ಒಂದು ಲಾಭ ಇದೆ. ಮೊದಲ ಸಿಟ್ಟು ಬರುವ ಹೊತ್ತಿಗೆ ಎದುರು ಯಾರೂ ನಿಂತಿರುವುದಿಲ್ಲ. ಬೆಳಿಗ್ಗೆ ಎದುರು ಬಂದಾಗ ಅದು ಹಳೆಯ ಸುದ್ದಿ. ವರದಿ ದಿನದ ಕೂಗಾಟ ಗೊತ್ತಾಗುವಷ್ಟು ಕಡಿಮೆ ಆಯಿತು. ಕಾರಣ ಇಲ್ಲದ ದಿನಗಳು ಮಾತ್ರ ಕಡಿಮೆ ಆಗಲಿಲ್ಲ. ಆ ಟೀಮಿನ ಒಬ್ಬರು ಆಮೇಲೆ ಕೆಲಸ ಬಿಟ್ಟರು, ಅವರ ನಿರ್ಧಾರ ಸರಿ ಅಂತಲೇ ನನಗನಿಸುತ್ತದೆ.

ನಿಮ್ಮ ತಡವಾದ ಕೆಲಸಕ್ಕೆ ಬೇಕಾದರೆ ಹೀಗೆ ಬರೆಯಿರಿ: "ಸರ್, ಇಂಥ ಕೆಲಸ ಗುರುವಾರಕ್ಕೆ ಮುಗಿಯುವುದಿಲ್ಲ, ಸೋಮವಾರ ಮುಗಿಯುತ್ತದೆ. ಇನ್ನೊಂದು ವಿಭಾಗದ ಪರಿಶೀಲನೆ ಇದಕ್ಕೆ ಕಾಯುತ್ತಿದೆ. ಮೊದಲ ಭಾಗವನ್ನು ಗುರುವಾರವೇ ಕೊಡಬಹುದು, ಇಲ್ಲವೇ ಪೂರ್ತಿ ಸೋಮವಾರ ಕೊಡಬಹುದು. ಯಾವುದು ಅಂತ ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಹಾಗೆ ಮಾಡುತ್ತೇನೆ." ಕ್ಷಮೆಯನ್ನು ಮತ್ತೆ ಮತ್ತೆ ಕೇಳಬೇಡಿ. ಅದು ಓದುವವರ ಗಮನವನ್ನು ಕೆಲಸದಿಂದ ನಿಮ್ಮ ಮೇಲೆ ತಿರುಗಿಸುತ್ತದೆ.

ಮಂಜುನಾಥ: ಬಾಸ್ ಅಂದ ಮೇಲೆ ಸ್ಟ್ರಿಕ್ಟ್ ಇರಬೇಕು ಅಲ್ವಾ? ನಮ್ಮ ಹಳೆಯ ಬಾಸ್ ಒಂದು ದಿನವೂ ನಕ್ಕವರಲ್ಲ. ಅವರ ಕೈಕೆಳಗೇ ನಾನು ಕೆಲಸ ಕಲಿತಿದ್ದು. ಈಗಿನವರಿಗೆ ಒಂದು ಮಾತು ತಡೆಯುವುದಿಲ್ಲ.

ವೀಣಾ: ಮಂಜುನಾಥ ಅವರೇ, ನಿಮ್ಮ ಬಾಸ್ ದಿನಾ ಒಂದೇ ಥರ ಇದ್ದರು. ಯಾವ ತಪ್ಪಿಗೆ ಏನು ಅಂತ ನಿಮಗೆ ಮೊದಲೇ ಗೊತ್ತಿತ್ತು. ಇಲ್ಲಿ ಕೇಳಿರುವುದು ಅದಲ್ಲ. 2017ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಇದನ್ನೇ ನೋಡಿತ್ತು. ಯಾವಾಗಲೂ ಅನ್ಯಾಯವಾಗಿ ನಡೆದುಕೊಳ್ಳುವವರ ಕೈಕೆಳಗೆ ಇದ್ದವರಿಗಿಂತ, ಒಮ್ಮೆ ನ್ಯಾಯ ಒಮ್ಮೆ ಅನ್ಯಾಯ ಅನ್ನುವವರ ಕೈಕೆಳಗೆ ಇದ್ದವರಲ್ಲಿ ಒತ್ತಡ ಹೆಚ್ಚು ಕಂಡಿತು. ಹಾಗಂತ ದಿನಾ ಬೈಯುವುದು ಒಳ್ಳೆಯದು ಅಂತಲ್ಲ.

ಶೈಲಜಾ: ಮೇಡಂ, ನನ್ನ ಬಾಸ್ ಮೂಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅವರು ಬೈಯುವುದು ನನಗೆ ಮತ್ತೆ ಇನ್ನೊಬ್ಬ ಹೊಸ ಹುಡುಗಿಗೆ ಮಾತ್ರ. ದೊಡ್ಡ ಸಾಹೇಬರು ಒಳಗೆ ಬಂದರೆ ಆ ಕ್ಷಣವೇ ದನಿ ಮೆತ್ತಗಾಗುತ್ತದೆ. ನಾನೂ ಆ ಪುಸ್ತಕ ಇಡಬೇಕಾ?

ವೀಣಾ: ಇಡಿ, ಆದರೆ ಉದ್ದೇಶ ಬೇರೆ. ನೀವು ಹೇಳಿದ ಆ ಕ್ಷಣವೇ ಮುಖ್ಯ ಗುರುತು. ಮೇಲಿನವರು ಬಂದ ಕೂಡಲೇ ಸಿಟ್ಟು ನಿಲ್ಲುತ್ತದೆ ಅಂದರೆ ಅದನ್ನು ನಿಲ್ಲಿಸಲು ಅವರಿಗೆ ಬರುತ್ತದೆ. ಯಾರ ಮೇಲೆ ತೋರಿಸಬಹುದು ಅಂತ ಆರಿಸಿಕೊಂಡೇ ತೋರಿಸುತ್ತಿದ್ದಾರೆ. ಅದನ್ನು ಮೂಡ್ ಅನ್ನಬೇಡಿ. ಅಂಥವರಿಗೆ ಎಷ್ಟು ಚೆನ್ನಾಗಿ ಮೇಲ್ ಬರೆದರೂ ಬದಲಾವಣೆ ಕಡಿಮೆ. ದಾಖಲೆ ಇಟ್ಟುಕೊಂಡು ದೂರಿನ ದಾರಿ ನೋಡಿ, ಜೊತೆಗೆ ಬೇರೆ ವಿಭಾಗಕ್ಕೆ ಹೋಗಲು ಆಗುತ್ತದಾ ಅಂತ ಕೇಳಿ. ಬೈಗುಳ, ಬೆದರಿಕೆ, ವಸ್ತು ಎಸೆಯುವುದು ಇದ್ದರೆ ಮೂರು ವಾರ ಕಾಯಲೇಬೇಡಿ.

ಗಣೇಶ (ಎಚ್‌ಆರ್): ದಾಖಲೆ ಬಗ್ಗೆ ಒಂದು ಮಾತು. "ಬಾಸ್ ಮೂಡಿ, ವಾತಾವರಣ ಸರಿ ಇಲ್ಲ" ಅಂತ ದೂರು ಬಂದರೆ ನಾವು ಏನೂ ಮಾಡಲಾಗುವುದಿಲ್ಲ. ತಾರೀಕು, ಅವರು ಹೇಳಿದ ಮಾತು ಇದ್ದ ಹಾಗೇ, ಯಾರಿದ್ದರು, ಅದರಿಂದ ಕೆಲಸ ಎಲ್ಲಿ ನಿಂತಿತು, ಇಷ್ಟು ಇದ್ದರೆ ಮಾತಾಡಲು ಜಾಗ ಸಿಗುತ್ತದೆ. ಪುಸ್ತಕವನ್ನು ಆಫೀಸ್ ಕಂಪ್ಯೂಟರಿನಲ್ಲಿ ಇಡಬೇಡಿ. ಎಚ್‌ಆರ್ ಹತ್ತಿರ ಬಾಯಿ ಬಿಡುವ ಮೊದಲು "ಇದು ನಿಮ್ಮಲ್ಲೇ ಉಳಿಯುತ್ತದಾ, ಯಾರಿಗೆ ಹೋಗುತ್ತದೆ" ಅಂತ ಕೇಳಿ. ಕೆಲವು ವಿಷಯ ಕೇಳಿದ ಮೇಲೆ ನಾವು ಮೇಲಕ್ಕೆ ತಿಳಿಸಲೇಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಎಲ್ಲರೂ ಸೇರಿ ಒಂದು ಸಲ ಅವರ ಹತ್ತಿರ ನೇರವಾಗಿ ಮಾತಾಡಿದರೆ ಹೇಗೆ?

ರಾಘು: ಬೇಡವೇ ಬೇಡ. ಮೊದಲು ಬಾಯಿ ತೆರೆದವರ ಹೆಸರು ಅವರ ತಲೆಯಲ್ಲಿ ಉಳಿಯುತ್ತದೆ.

ಗಣೇಶ: ಏಳೂ ಜನ ಒಟ್ಟಿಗೆ ಹೋದರೆ ಅವರಿಗೆ ದಂಗೆ ಎದ್ದ ಹಾಗೆ ಕಾಣುತ್ತದೆ. ಆದರೆ ಒಬ್ಬರೇ ಹೋದರೆ ಉಳಿದವರು ಆಮೇಲೆ ಹಿಂದೆ ಸರಿಯುತ್ತಾರೆ, ನಾನು ಇದನ್ನು ತುಂಬ ನೋಡಿದ್ದೇನೆ. ಇಬ್ಬರು ಹೋಗಿ ಅನ್ನುತ್ತೇನೆ.

ವೀಣಾ: ಇಲ್ಲಿ ನನಗೂ ಗಣೇಶ ಅವರಿಗೂ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಇಬ್ಬರು ಹೋದರೂ ಎದುರಿನವರಿಗೆ ತಮ್ಮ ಬೆನ್ನ ಹಿಂದೆ ಸಭೆ ನಡೆದಿದೆ ಅನಿಸುತ್ತದೆ. ಬಾಸ್ ಜೊತೆ ಹಳೆಯ ಒಡನಾಟ ಇರುವ ಒಬ್ಬರು, ಶಾಂತ ದಿನದಲ್ಲಿ, ಒಂದೇ ಒಂದು ವಿಷಯ ಕೇಳಲಿ. "ತಪ್ಪಾದಾಗ ಎಲ್ಲರ ಮುಂದೆ ಬದಲು ಒಳಗೆ ಕರೆದು ಹೇಳಿದರೆ ಬೇಗ ಸರಿ ಮಾಡಲು ಆಗುತ್ತದೆ" ಅನ್ನುವಷ್ಟು. "ನಿಮ್ಮ ಮೂಡ್" ಅನ್ನುವ ಮಾತು ಬರಲೇಬಾರದು. ಅದನ್ನು ಕೇಳಿದ ಕೂಡಲೇ ಮಾತು ಅವರ ಸ್ವಭಾವದ ಮೇಲೆ ಹೋಗುತ್ತದೆ, ಕೆಲಸ ಹಿಂದೆ ಬೀಳುತ್ತದೆ. ಅಂಥ ಒಡನಾಟ ಯಾರಿಗೂ ಇಲ್ಲದಿದ್ದರೆ ಸದ್ಯಕ್ಕೆ ಮಾತಾಡದಿರುವುದೇ ಮೇಲು.

ಪ್ರಶ್ನೆ ಕೇಳಿದವರು (ಮರುದಿನ): ಮೇಲ್ ಕಳಿಸಿದೆ. "ಸರಿ, ಸೋಮವಾರ ಪೂರ್ತಿ ಕೊಡಿ" ಅಂತ ಉತ್ತರ ಬಂತು. ಇವತ್ತು ಬೆಳಿಗ್ಗೆ ಎದುರು ಸಿಕ್ಕಾಗ "ಗುರುವಾರಕ್ಕೆ ಅರ್ಧ ಕೊಡು ಅಂದಿದ್ದೆನಲ್ಲ" ಅಂತ ದನಿ ಏರಿಸಿದರು. ನಾನು ಸುಮ್ಮನೆ ನಿಂತೆ. "ಇವತ್ತು ಹುಷಾರು" ಅನ್ನುವುದನ್ನು ನಿಲ್ಲಿಸೋಣ ಅಂದರೆ ಗ್ರೂಪಿನಲ್ಲಿ ಇಬ್ಬರು ಒಪ್ಪಲಿಲ್ಲ. ಅದಿಲ್ಲದೆ ಒಳಗೆ ಕಾಲಿಡಲು ಭಯ ಅನ್ನುತ್ತಾರೆ.

ವೀಣಾ: ಆ ಇಬ್ಬರನ್ನು ಒತ್ತಾಯ ಮಾಡಬೇಡಿ. ನೀವು ಮಾತ್ರ ಆ ಗ್ರೂಪನ್ನು ಮ್ಯೂಟ್ ಮಾಡಿ, ಒಂದೆರಡು ವಾರ ನೋಡಿ. ಬೆಳಿಗ್ಗೆ ಎಚ್ಚರಿಕೆ ಓದಿಕೊಂಡು ಹೋದವರು ಬಾಸ್ ಸುಮ್ಮನೆ ಕೆಮ್ಮಿದರೂ ಸಿಟ್ಟು ಅಂದುಕೊಳ್ಳುತ್ತಾರೆ.

ದನಿ ಏರಿದಾಗ ಸುಮ್ಮನೆ ನಿಂತಿದ್ದು ಸರಿಯೇ. ಆ ಹೊತ್ತಿನಲ್ಲಿ "ನೀವೇ ಸೋಮವಾರ ಅಂದಿದ್ದಿರಿ" ಅಂದರೆ ಜಗಳ ಬೆಳೆಯುತ್ತದೆ. ಒಂದು ಗಂಟೆ ಬಿಟ್ಟು ಅದೇ ಮೇಲ್‌ಗೆ ಉತ್ತರವಾಗಿ ಬರೆಯಿರಿ: "ಸರ್, ಇಲ್ಲಿ ಸೋಮವಾರ ಪೂರ್ತಿ ಅಂತ ಇದೆ. ಬೆಳಿಗ್ಗೆ ಗುರುವಾರ ಅರ್ಧ ಅಂದಿರಿ. ಗುರುವಾರ ಅರ್ಧ ಕೊಟ್ಟರೆ ಪೂರ್ತಿ ಕೆಲಸ ಬುಧವಾರಕ್ಕೆ ಹೋಗುತ್ತದೆ. ಯಾವುದನ್ನು ಇಟ್ಟುಕೊಳ್ಳಲಿ?" ಹಳೆಯ ಉತ್ತರ ಕೆಳಗೆ ಕಾಣುವ ಹಾಗೆ ಇರಲಿ, ಅದರ ಬಗ್ಗೆ ಬೇರೆ ಟೀಕೆ ಬೇಡ. ಬಾಯಿಮಾತಿನಲ್ಲಿ ನಿರ್ಧಾರ ಬದಲಾದಾಗಲೆಲ್ಲ ಹೀಗೇ ಮಾಡಿ. ಕೆಲವು ಬಾಸ್‌ಗಳು ಇದಕ್ಕೆ ಹೊಂದಿಕೊಳ್ಳುತ್ತಾರೆ, ಕೆಲವರು "ಎಲ್ಲದಕ್ಕೂ ಮೇಲ್ ಯಾಕೆ" ಅಂತ ಮತ್ತೆ ರೇಗುತ್ತಾರೆ. ನಿಮ್ಮವರು ಯಾವ ಥರ ಅಂತ ಇನ್ನೂ ಗೊತ್ತಿಲ್ಲ. ಆ ಹೊಟ್ಟೆ ಕಿವುಚುವುದು, ನಿದ್ದೆ ಕೆಡುವುದು ವಾರಗಟ್ಟಲೆ ಹೋಗದಿದ್ದರೆ ಮಾತ್ರ ಬಾಸ್ ವಿಷಯ ಬದಿಗಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.